ಸ್ಟೀವಿಯಾ ಹಾಕಿದ ಕಾಫಿ ಕೊನೆಗೆ ಕಹಿ ಯಾಕೆ?

ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ ಶುಗರ್ ಇದೆ. ಸಕ್ಕರೆ ಬದಲು ಸ್ಟೀವಿಯಾ ಗಿಡದ ಎಲೆಯ ಸಿಹಿ ಹಾಕಿದ ಕಾಫಿ ಕೊನೆಗೆ ಕಹಿ ಅಂತಾರೆ. ಇದರಿಂದ ಶುಗರ್ ಏರುತ್ತಾ, ಕರುಳಿನ ಬ್ಯಾಕ್ಟೀರಿಯಾಕ್ಕೆ ತೊಂದರೆಯಾ?

ಎಲೆಯ ಸಿಹಿ ಅಂಶವಾದ ಸ್ಟೀವಿಯೋಸೈಡ್ ಸಕ್ಕರೆಗಿಂತ ಸುಮಾರು 200ರಿಂದ 300 ಪಟ್ಟು ಸಿಹಿ, ಆದರೆ ನಾಲಗೆಯ ಕಹಿ ಗ್ರಾಹಕಗಳನ್ನೂ ತಟ್ಟುತ್ತದೆ. ಜಾಸ್ತಿ ಹಾಕಿದಷ್ಟೂ ಕಹಿ ಜಾಸ್ತಿ. ಸ್ಟೀವಿಯಾದ ಇನ್ನೊಂದು ಸಿಹಿ ಅಂಶ ರೆಬಾಡಿಯೋಸೈಡ್ ಎಂ ಇರುವುದನ್ನು ಹುಡುಕಿ, ಅದರಲ್ಲಿ ಕಹಿ ತುಂಬಾ ಕಡಿಮೆ.

ಈ ಸಿಹಿ ಅಂಶಗಳು ಸಣ್ಣ ಕರುಳಿನಲ್ಲಿ ಒಡೆಯುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ ಅವುಗಳ ಗ್ಲೂಕೋಸ್ ತುಂಡುಗಳನ್ನು ಕಿತ್ತು ತಾವೇ ಬಳಸಿಕೊಳ್ಳುತ್ತವೆ, ಉಳಿದ ಸ್ಟೀವಿಯಾಲ್ ಯಕೃತ್ತಿಗೆ ಹೋಗಿ ಮೂತ್ರದಲ್ಲಿ ಹೊರಬೀಳುತ್ತದೆ. ಹಾಗಾಗಿ ಶುದ್ಧ ಸ್ಟೀವಿಯಾದಿಂದ ಶುಗರ್ ಏರುವುದಿಲ್ಲ, ಆದರೆ ಅದು ಶುಗರ್ ಇಳಿಸುವ ಔಷಧಿಯೂ ಅಲ್ಲ. ಕೆಲವು ವಾರ ಜನರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಬ್ಯಾಕ್ಟೀರಿಯಾ ಬಳಗ ಹೆಚ್ಚೇನೂ ಬದಲಾಗಿಲ್ಲ, ವರ್ಷಗಟ್ಟಲೆಯ ಪುರಾವೆ ಮಾತ್ರ ಕಡಿಮೆ.

ಪೊಟ್ಟಣದ ಹಿಂದೆ ಡೆಕ್ಸ್ಟ್ರೋಸ್ ಅಥವಾ ಮಾಲ್ಟೊಡೆಕ್ಸ್ಟ್ರಿನ್ ಅಂತ ಇದೆಯಾ ನೋಡಿ, ಅವು ಶುಗರ್ ಏರಿಸುತ್ತವೆ.