ಒಟ್ಟು ತೂಕ ಹತ್ತಿರ ಹತ್ತಿರ ಸರಿ ಇದ್ರೂ ಕೌಂಟರ್‌ನಲ್ಲಿ ದುಡ್ಡು ಯಾಕೆ ಕೇಳ್ತಾರೆ?

ಪ್ರಶ್ನೆ: ನಾನು, ನನ್ನ ಹೆಂಡ್ತಿ ಇಬ್ರೂ ಒಂದೇ ಬುಕಿಂಗ್. ತಲಾ 23 ಕೆಜಿಯ ಒಂದೊಂದು ಬ್ಯಾಗ್ ಅಂತ ಟಿಕೆಟ್‌ನಲ್ಲಿದೆ. ಮನೇಲಿ ತೂಗಿದ್ರೆ ಒಂದು 28, ಇನ್ನೊಂದು 19. ಹೇಗೆ ಸರಿ ಮಾಡ್ಲಿ? ಏರ್‌ಪೋರ್ಟ್ ರೇಟ್ ಆನ್‌ಲೈನ್‌ಗಿಂತ ಯಾಕಷ್ಟು ಜಾಸ್ತಿ?

ಮೊದ್ಲು ಟಿಕೆಟ್‌ನ ಬ್ಯಾಗೇಜ್ ಸಾಲು ನೋಡಿ. 1PC ಅಂತಿದ್ರೆ ಲೆಕ್ಕ ಬ್ಯಾಗ್‌ನದ್ದು, ಅದೇ ಪೀಸ್ ಲೆಕ್ಕ, ಬರೀ 23K ಅಂತಿದ್ರೆ ಲೆಕ್ಕ ಕೆಜಿದು. ಕೆಜಿ ಲೆಕ್ಕ ಆದ್ರೆ ಒಂದೇ ಬುಕಿಂಗ್‌ನಲ್ಲಿರೋ ಇಬ್ರ ತೂಕ ಸಾಮಾನ್ಯವಾಗಿ ಕೂಡಿಸ್ತಾರೆ, ಆಗ ನೀವು 46ಕ್ಕೆ ಒಂದೇ ಒಂದು ಕೆಜಿ ಜಾಸ್ತಿ ಅಷ್ಟೇ. ನೀವು ಬರ್ದಿರೋದು ನೋಡಿದ್ರೆ ಪೀಸ್ ಲೆಕ್ಕ ಅನ್ಸುತ್ತೆ, ಅಲ್ಲಿ ಕೂಡಿಸೋದಿಲ್ಲ, ಪಕ್ಕದ ಬ್ಯಾಗ್ 19 ಇದ್ರೂ 28ರ ಬ್ಯಾಗ್‌ಗೆ ಓವರ್‌ವೇಟ್ ಚಾರ್ಜ್ ಬೀಳುತ್ತೆ.

ಸರಿ ಮಾಡೋದು ಕಷ್ಟ ಏನಿಲ್ಲ. ಮನೆ ತಕ್ಕಡಿಗೂ ಅಲ್ಲಿನ ತಕ್ಕಡಿಗೂ ಸ್ವಲ್ಪ ವ್ಯತ್ಯಾಸ ಬರುತ್ತೆ ಅಂತ ಎರಡನ್ನೂ 22.5ಕ್ಕೆ ತನ್ನಿ. ಅಂದ್ರೆ ದೊಡ್ಡ ಬ್ಯಾಗ್‌ನಿಂದ 5.5 ಕೆಜಿ ತೆಗೀಬೇಕು, ಅದ್ರಲ್ಲಿ 3.5 ಚಿಕ್ಕದಕ್ಕೆ, ಉಳಿದ 2 ಕೆಜಿ ಕ್ಯಾಬಿನ್ ಬ್ಯಾಗ್‌ಗೆ. ಬಟ್ಟೆ ಒಂದೊಂದೇ ಎತ್ತಿ ಆಚೆ ಈಚೆ ಮಾಡ್ತಾ ಕೂತ್ರೆ ರಾತ್ರಿಯಾಗುತ್ತೆ, ಭಾರದ್ದಕ್ಕೇ ಕೈ ಹಾಕಿ: ಶೂ, ಪುಸ್ತಕ, ಜೀನ್ಸ್, ಚಾರ್ಜರ್‌ಗಳು. ಶಾಂಪೂ, ಎಣ್ಣೆ ಥರದ್ದನ್ನ ಇನ್ನೊಂದು ಚೆಕ್-ಇನ್ ಬ್ಯಾಗ್‌ಗೇ ಹಾಕಿ, ಯಾಕಂದ್ರೆ ಅಂತರರಾಷ್ಟ್ರೀಯ ಫ್ಲೈಟ್‌ಗಳಲ್ಲಿ 100 ಎಂಎಲ್‌ಗಿಂತ ದೊಡ್ಡ ಬಾಟಲಿ ಕೈಲಿ ಹಿಡ್ಕೊಂಡು ಹೋದ್ರೆ ಹೆಚ್ಚಿನ ಕಡೆ ಸೆಕ್ಯುರಿಟಿಲಿ ಎತ್ತಿಡ್ತಾರೆ. ಪುಸ್ತಕ, ಚಾರ್ಜರ್ ಕ್ಯಾಬಿನ್‌ಗೆ. ಪವರ್ ಬ್ಯಾಂಕ್ ಹೇಗಿದ್ರೂ ಚೆಕ್-ಇನ್‌ನಲ್ಲಿ ಇರೋ ಹಾಗಿಲ್ಲ, ಮರ್ತು ಒಳಗೆ ಹಾಕಿದ್ರೆ ಈಗ್ಲೇ ತೆಗೀರಿ. ಕ್ಯಾಬಿನ್ ಬ್ಯಾಗ್‌ಗೂ ಮಿತಿ ಇರುತ್ತೆ, ತುಂಬಾ ಕಡೆ 7 ಕೆಜಿ, ಅದನ್ನೂ ತೂಗಿ. ಕೊಕ್ಕೆ ತಕ್ಕಡಿ ಇಲ್ದಿದ್ರೆ ಮೈತೂಕ ನೋಡೋ ಮಷಿನ್ ಮೇಲೆ ನೀವು ಒಬ್ರೇ ನಿಂತು ನೋಡಿ, ಆಮೇಲೆ ಬ್ಯಾಗ್ ಹಿಡ್ಕೊಂಡು ನಿಂತು ನೋಡಿ, ಕಳೀರಿ, ಮುಗೀತು.

ಈಗ ದುಡ್ಡಿನ ವಿಷ್ಯ. ಹೆಚ್ಚಿನವ್ರು ಆನ್‌ಲೈನ್‌ನಲ್ಲಿ ಕೊಳ್ಳೋದು, ಕೌಂಟರ್‌ನಲ್ಲಿ ಕಟ್ಟೋದು ಎರಡೂ ಒಂದೇ, ರೇಟ್ ಮಾತ್ರ ಬೇರೆ ಅಂದ್ಕೊಂಡಿರ್ತಾರೆ, ಹಾಗಲ್ಲ. ಆನ್‌ಲೈನ್‌ನಲ್ಲಿ ನೀವು ಮುಂಚೆಯೇ ಜಾಗ ಕೊಳ್ತೀರಿ, ಕೆಜಿ ಲೆಕ್ಕದ ಏರ್‌ಲೈನ್ ಆದ್ರೆ 5 ಕೆಜಿ, 10 ಕೆಜಿ ಅಂತ ಸ್ಲ್ಯಾಬ್, ಬಳಸ್ಲಿಲ್ಲ ಅಂದ್ರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರಲ್ಲ. ಅಂಥ ಏರ್‌ಲೈನ್‌ನ ಕೌಂಟರ್‌ನಲ್ಲಿ ತಕ್ಕಡಿ ಮೇಲೆ ಎಷ್ಟು ಜಾಸ್ತಿ ಬಂತೋ ಅದಕ್ಕೆ ಕೆಜಿಗೆ ಇಷ್ಟು ಅಂತ ಹಾಕ್ತಾರೆ. ಮುಂಚೆ ಕೊಂಡ್ರೆ ಅವ್ರಿಗೂ ದುಡ್ಡು ಗ್ಯಾರಂಟಿ, ಎಷ್ಟು ಲಗೇಜ್ ಬರುತ್ತೆ ಅನ್ನೋ ಅಂದಾಜೂ ಸಿಗುತ್ತೆ, ಕ್ಯೂನಲ್ಲಿ ರಸೀದಿ ಹರಿಯೋ ಕೆಲ್ಸ ಕಮ್ಮಿ. ಆದ್ರೆ ನನ್ನ ಕೇಳಿದ್ರೆ ದೊಡ್ಡ ಕಾರಣ ಇನ್ನೊಂದು: ಮನೇಲಿ ಕೂತಾಗ ನಿಮಗೆ ಸಾಮಾನು ಬಿಟ್ಟು ಹೋಗ್ಬಹುದು, ಕೊರಿಯರ್ ಮಾಡ್ಬಹುದು, ಬೇರೆ ಏರ್‌ಲೈನ್ ನೋಡ್ಬಹುದು. ಕೌಂಟರ್ ಮುಂದೆ ನಿಂತ್ಮೇಲೆ ಅದ್ಯಾವ್ದೂ ಇಲ್ಲ, ಅದು ಅವ್ರಿಗೂ ಚೆನ್ನಾಗಿ ಗೊತ್ತು.

ಇನ್ನೊಂದು ಎಡವಟ್ಟು, ಇದನ್ನ ಗಮನಿಸಿ. ಪೀಸ್ ಲೆಕ್ಕದಲ್ಲಿ ಆನ್‌ಲೈನ್‌ನಲ್ಲಿ ಮಾರೋ "ಎಕ್ಸ್‌ಟ್ರಾ ಬ್ಯಾಗೇಜ್" ಅಂದ್ರೆ ಸಾಮಾನ್ಯವಾಗಿ ಇನ್ನೊಂದು ಬ್ಯಾಗ್. ನೀವು ಅದನ್ನ ಕೊಂಡು, ಮತ್ತೆ ಅದೇ 28ರ ಬ್ಯಾಗ್ ತಗೊಂಡು ಹೋದ್ರೆ ಓವರ್‌ವೇಟ್ ಚಾರ್ಜ್ ಬೇರೆ ಕೊಡ್ಬೇಕಾಗುತ್ತೆ, ಕೊಂಡಿದ್ದು ಹಾಗೇ ವೇಸ್ಟ್. ಕೊಂಡ್ರೆ ನಿಜವಾಗ್ಲೂ ಮೂರನೇ ಬ್ಯಾಗ್ ಮಾಡಿ. ಓವರ್‌ವೇಟ್ ಚಾರ್ಜ್ ತುಂಬಾ ಕಡೆ 23ರಿಂದ 32 ಕೆಜಿವರೆಗೆ ಒಂದೇ ರೇಟ್, 24ಕ್ಕೂ ಅಷ್ಟೇ 31ಕ್ಕೂ ಅಷ್ಟೇ, ಹಾಗಾಗಿ ಒಂದು ಕೆಜಿಗೋಸ್ಕರ ಅದನ್ನ ಕೊಡೋದು ಶುದ್ಧ ನಷ್ಟ. 32 ದಾಟಿದ್ರೆ ದುಡ್ಡು ಕೊಡ್ತೀನಿ ಅಂದ್ರೂ ಸಾಮಾನ್ಯವಾಗಿ ತಗೊಳ್ಳಲ್ಲ, ಎತ್ತೋ ಲೋಡರ್‌ಗಳ ಬೆನ್ನು ಉಳೀಬೇಕಲ್ಲ.

ಮುಂದೆ ಬೇರೆ ಟಿಕೆಟ್‌ನಲ್ಲಿ ಕನೆಕ್ಟಿಂಗ್ ಫ್ಲೈಟ್ ಇದ್ರೆ ಇಲ್ಲಿ ಕೊಂಡಿದ್ದು ಅಲ್ಲಿ ನಡೆಯಲ್ಲ, ಅಲ್ಲಿದು ಅಲ್ಲೇ ಕೊಳ್ಬೇಕು. ಆನ್‌ಲೈನ್ ಮಾರಾಟ ಫ್ಲೈಟ್‌ಗೆ ಕೆಲವು ಗಂಟೆ ಮುಂಚೆಯೇ ಮುಚ್ಚುತ್ತೆ, ಕೊಳ್ಳೋದಾದ್ರೆ ಹಿಂದಿನ ದಿನವೇ ಮುಗಿಸಿ. ಕೌಂಟರ್‌ನಲ್ಲಿ ಬ್ಯಾಗ್ ಇಡೋ ಮುಂಚೆ ತಕ್ಕಡಿ ಸೊನ್ನೆ ತೋರಿಸ್ತಿದ್ಯಾ ಅಂತ ಕಣ್ಣಾಡ್ಸಿ, ಬ್ಯಾಗ್‌ನ ಸ್ಟ್ರಾಪ್ ಮೇಲೆ ಯಾರದ್ದೋ ಕಾಲು ಇದ್ರೂ ತೂಕ ತಪ್ಪು ತೋರಿಸುತ್ತೆ.