ಪೂರ್ವಾಭ್ಯಾಸಕ್ಕೆ ಬರಲಾಗದು ಎಂದು ಅಕ್ಕನಿಗೆ ಹೇಗೆ ತಿಳಿಸಲಿ?

ನನಗೆ 24 ವರ್ಷ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಭರತನಾಟ್ಯ ಕಲಿಯುತ್ತಿದ್ದೇನೆ. ಡಿಸೆಂಬರ್ 21ಕ್ಕೆ ನಮ್ಮ ನೃತ್ಯಶಾಲೆಯ ಕಾರ್ಯಕ್ರಮವಿದೆ. ಎಂಟು ಜನರ ತಿಲ್ಲಾನ ನೃತ್ಯದಲ್ಲಿ ನಾನೂ ಒಬ್ಬಳು. 6 ಮತ್ತು 7ರಂದು ಪೂರ್ವಾಭ್ಯಾಸ, 14ರ ಬೆಳಿಗ್ಗೆ ಹಿಮ್ಮೇಳದೊಂದಿಗೆ ಪೂರ್ವಾಭ್ಯಾಸ. ಆದರೆ 7ರಂದು ಸಾಗರದಲ್ಲಿ ನನ್ನ ಅಣ್ಣನ ಮದುವೆ, 14ರಂದು ಅಲ್ಲಿಯೇ ಬೀಗರ ಔತಣ. ಗುರುಗಳನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ, ಆದರೆ ಅವರು ತುಂಬ ಶಿಸ್ತಿನವರು. ಸಂದೇಶ ಬರೆಯುವುದು, ಅಳಿಸುವುದು, ಇದೇ ಆಗಿದೆ. ಜ್ವರವೆಂದು ಹೇಳಿಬಿಡಲೇ ಅನ್ನಿಸುತ್ತದೆ. ಏನು ಬರೆಯಲಿ?
– ಓದುಗರು, ಬೆಂಗಳೂರು

ಮೊದಲು ಜ್ವರದ ಮಾತು ಮುಗಿಸೋಣ. ಸುಳ್ಳು ಬಯಲಾಗುತ್ತದೆ, ಮದುವೆಯ ಫೋಟೊಗಳು ಯಾರದಾದರೂ ಮೊಬೈಲಿನಲ್ಲಿ ಹರಿದಾಡುತ್ತವೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಜ್ವರ ಎರಡು ದಿನದಲ್ಲಿ ಇಳಿಯುತ್ತದೆ ಎಂದು ನಂಬಿ ನಿಮ್ಮ ಗುರುಗಳು ನಿಮ್ಮ ಜಾಗವನ್ನು ಖಾಲಿ ಇಟ್ಟುಕೊಂಡು ಕಾಯುತ್ತಾರೆ, ಬದಲಿ ವ್ಯವಸ್ಥೆ ಮಾಡುವುದಿಲ್ಲ. ದಿನಾಂಕ ಗೊತ್ತಿರುವ ಗೈರುಹಾಜರಿಯನ್ನು ಅನಿರೀಕ್ಷಿತವೆಂದು ತೋರಿಸಿದರೆ, ಅವರಿಗೆ ಸಿಗಬಹುದಾಗಿದ್ದ ದಿನಗಳನ್ನು ನೀವು ಕಿತ್ತುಕೊಂಡಂತೆ ಆಗುತ್ತದೆ.

ಈಗ ನಿಮ್ಮ ಮೂರು ದಿನಗಳನ್ನು ನೋಡಿ. ಅವು ಒಂದೇ ತೂಕದವಲ್ಲ. 6 ಮತ್ತು 7ರಂದು ನಡೆಯುವುದು ಹೆಚ್ಚಾಗಿ ಸಾಲುಗಳ ಕೆಲಸ: ಯಾರು ಎಲ್ಲಿಂದ ಎಲ್ಲಿಗೆ ಸರಿಯಬೇಕು, ಹೆಜ್ಜೆಗಳ ಯಾವ ಕೋರ್ವೆಯಲ್ಲಿ ಮುಂದಿನ ಸಾಲು ಹಿಂದಕ್ಕೆ ಬರಬೇಕು, ಅಡ್ಡ ದಾಟುವಾಗ ಯಾರು ಮೊದಲು. ಇಲ್ಲಿ ನೀವಿಲ್ಲದಿದ್ದರೆ ತೊಂದರೆ ನಿಮಗಿಂತ ನಿಮ್ಮ ಪಕ್ಕದವಳಿಗೇ ಹೆಚ್ಚು. ಖಾಲಿ ಜಾಗದ ಪಕ್ಕದಲ್ಲಿ ಅಭ್ಯಾಸ ಮಾಡಿದವಳು ಗೊತ್ತಿಲ್ಲದೆಯೇ ಆ ಕಡೆಗೆ ಹರಡಿಕೊಳ್ಳುತ್ತಾಳೆ. ನೀವು ಮರಳಿದ ದಿನ ಕೈಗೆ ಕೈ ತಗಲುತ್ತದೆ. ಆದರೂ ಇದನ್ನು ಸರಿಪಡಿಸಲು ದಾರಿಯಿದೆ. ತಿಲ್ಲಾನ ಕಲಿತಿರುವ ಕಿರಿಯ ವಿದ್ಯಾರ್ಥಿನಿಯೊಬ್ಬಳು ಆ ಎರಡು ದಿನ ನಿಮ್ಮ ಜಾಗದಲ್ಲಿ ನಿಂತರೆ ಉಳಿದ ಏಳು ಜನರ ಅಂತರ ಕೆಡುವುದಿಲ್ಲ.

14ರದು ಹಾಗಲ್ಲ. ತರಗತಿಯಲ್ಲಿ ನೀವು ಧ್ವನಿಮುದ್ರಿಕೆಗೆ ಕುಣಿಯುತ್ತೀರಿ, ಅದರ ವೇಗ ಎಂದೂ ಬದಲಾಗದು. ಹಿಮ್ಮೇಳ ಕುಳಿತ ದಿನ ಕಾಲಪ್ರಮಾಣವನ್ನು ತಾಳ ಹಾಕುತ್ತಾ ಸೊಲ್ಲು ಹೇಳುವ ನಟುವಾಂಗದವರು ಹಿಡಿಯುತ್ತಾರೆ, ಅದು ನಿಮ್ಮ ಕಿವಿಗೆ ರೂಢಿಯಾದದ್ದಕ್ಕಿಂತ ಒಂದು ಎಳೆ ನಿಧಾನವೋ ವೇಗವೋ ಆಗಬಹುದು. ಪಲ್ಲವಿಯ ಸಾಲನ್ನು ಗಾಯಕರು ಎಷ್ಟು ಬಾರಿ ಹಾಡಬೇಕು, ಕೋರ್ವೆ ಮುಗಿದು ಸಾಹಿತ್ಯದ ಸಾಲನ್ನು ಎಲ್ಲಿ ಎತ್ತಿಕೊಳ್ಳಬೇಕು, ಮೃದಂಗ ಎಲ್ಲಿ ತುಂಬಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಗುರುಗಳೇ ನಟುವಾಂಗಕ್ಕೆ ಕುಳಿತರೆ ಅವರು ಎದುರು ನಿಂತು ನಿಮ್ಮ ಸಾಲುಗಳನ್ನು ನೋಡುವಂತಿಲ್ಲ, ಬಂದವರು ಕಿವಿಯಿಂದಲೇ ಕಲಿತುಕೊಳ್ಳಬೇಕು. ಹಿಮ್ಮೇಳದ ಕಲಾವಿದರಿಗೆ ಒಂದು ಪೂರ್ವಾಭ್ಯಾಸಕ್ಕೆ ಇಷ್ಟೆಂದು ಸಂಭಾವನೆ ಇರುತ್ತದೆ. ನಿಮ್ಮೊಬ್ಬಳಿಗಾಗಿ ಅವರನ್ನು ಮತ್ತೆ ಕರೆಸಲು ಬರುವುದಿಲ್ಲ.

ಹಾಗಾಗಿ ಗುರುಗಳಿಗೆ ಬರೆಯುವ ಮೊದಲು ಮನೆಯವರೊಂದಿಗೆ ಮಾತನಾಡಿ. ಅಣ್ಣನ ಮದುವೆಯನ್ನು ಬಿಡಬೇಡಿ. 6ರ ಸಂಜೆಯ ವರಪೂಜೆಗೂ 7ರ ಮುಹೂರ್ತಕ್ಕೂ ತಂಗಿ ಇರಲೇಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ಬೀಗರ ಔತಣದ ಮಾತು ಬೇರೆ. ಅಮ್ಮನಿಗೆ ಬೇಸರವಾಗುತ್ತದೆ, ಅತ್ತಿಗೆಯ ಮನೆಯವರು ಕೇಳುತ್ತಾರೆ. ಆದರೂ ಅತ್ತಿಗೆಗೆ ನೀವೇ ಫೋನ್ ಮಾಡಿ, 21ರ ಕಾರ್ಯಕ್ರಮಕ್ಕೆ ಅಣ್ಣನ ಜೊತೆ ಬನ್ನಿ ಎಂದು ಕರೆದರೆ ಆ ಬೇಸರ ಬಹಳ ದಿನ ಉಳಿಯದು. ಮನೆಯವರು ಒಪ್ಪಿದರೆ ನೀವು ತಿಳಿಸಬೇಕಾದದ್ದು ಮೂರು ದಿನಗಳ ಗೈರು ಹೋಗಿ ಎರಡೇ ದಿನಗಳದ್ದಾಗುತ್ತದೆ, ಅದೂ ಸರಿಪಡಿಸಬಹುದಾದ ಎರಡು.

ಸಂದೇಶವನ್ನು ತರಗತಿಯ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ, ಅಕ್ಕನಿಗೊಬ್ಬರಿಗೇ ಕಳುಹಿಸಿ. ಗುಂಪಿನಲ್ಲಿ ಒಬ್ಬರು ರಜೆ ಕೇಳಿದರೆ ಇನ್ನೂ ಇಬ್ಬರಿಗೆ ಧೈರ್ಯ ಬರುತ್ತದೆ, ಆಗ ಅಕ್ಕ ನಿಮಗೆ ಹೂಂ ಎನ್ನಬೇಕೆಂದಿದ್ದರೂ ಎನ್ನಲಾರರು. ಪಾಠದ ಹೊತ್ತು ಬಿಟ್ಟು, ಇಂದೇ ಕಳುಹಿಸಿ. ಹೀಗೆ ಬರೆಯಬಹುದು:

"ಅಕ್ಕಾ, ನಮಸ್ಕಾರ. ಡಿಸೆಂಬರ್ 7ರಂದು ಸಾಗರದಲ್ಲಿ ನನ್ನ ಅಣ್ಣನ ಮದುವೆ. ಹಾಗಾಗಿ 6 ಮತ್ತು 7ರ ಪೂರ್ವಾಭ್ಯಾಸಕ್ಕೆ ಬರಲು ಆಗುವುದಿಲ್ಲ. ವೇಳಾಪಟ್ಟಿ ಬಂದ ದಿನವೇ ಹೇಳಬೇಕಿತ್ತು, ತಡ ಮಾಡಿದ್ದಕ್ಕೆ ಕ್ಷಮಿಸಿ. 14ರಂದು ಹಿಮ್ಮೇಳದ ಜೊತೆಗಿನ ಪೂರ್ವಾಭ್ಯಾಸಕ್ಕೆ ಖಂಡಿತ ಇರುತ್ತೇನೆ, ಮನೆಯಲ್ಲಿ ಮಾತನಾಡಿದ್ದೇನೆ. ಆ ಎರಡು ದಿನ ತಿಲ್ಲಾನ ಗೊತ್ತಿರುವ ಕಿರಿಯರೊಬ್ಬರು ನನ್ನ ಜಾಗದಲ್ಲಿ ನಿಲ್ಲಬಹುದೇ? ಬದಲಾವಣೆಗಳನ್ನು ಕಲಿತುಕೊಂಡು, 8ರ ನಂತರ ನೀವು ಹೇಳಿದ ಹೊತ್ತಿಗೆ ಬಂದು ತೋರಿಸುತ್ತೇನೆ. ನನ್ನ ಜಾಗ ಬದಲಿಸಬೇಕು ಅಥವಾ ತಿಲ್ಲಾನಕ್ಕೆ ಬೇರೆಯವರನ್ನು ಹಾಕಬೇಕು ಎಂದು ನಿಮಗೆ ಅನ್ನಿಸಿದರೆ ಹಾಗೆಯೇ ಮಾಡಿ. ಮುಂದಿನ ತರಗತಿಗೆ ಹತ್ತು ನಿಮಿಷ ಮೊದಲು ಬಂದು ಮಾತನಾಡುತ್ತೇನೆ."

ಇದರಲ್ಲಿ 'ಪರವಾಗಿಲ್ಲವೇ ಅಕ್ಕಾ' ಎಂಬ ಪ್ರಶ್ನೆ ಇಲ್ಲದಿರುವುದನ್ನು ಗಮನಿಸಿ. ಆ ಪ್ರಶ್ನೆಗೆ ಪರವಾಗಿಲ್ಲ ಎನ್ನದೆ ಅವರಿಗೆ ಬೇರೆ ಉತ್ತರವಿರುವುದಿಲ್ಲ. ನಿಮ್ಮನ್ನು ತಿಲ್ಲಾನದಿಂದ ಕೈಬಿಡುವ ಮಾತನ್ನು ನೀವೇ ಬರೆಯುವುದು ಕಷ್ಟ, ನನಗೆ ಗೊತ್ತು. ಆದರೆ ಎಂಟು ಜನರ ನೃತ್ಯವನ್ನು ಏಳಕ್ಕೆ ಇಳಿಸುವುದೋ, ಒಂಬತ್ತನೆಯವಳನ್ನು ತಯಾರು ಮಾಡುವುದೋ ಎಂಬುದನ್ನು ಅವರು ಈ ವಾರವೇ ತೀರ್ಮಾನಿಸಬೇಕು. ಏಳಾದರೆ ಜೋಡಿ ಒಡೆದು ನಡುವೆ ಒಬ್ಬಳನ್ನು ನಿಲ್ಲಿಸಿ ಎಲ್ಲ ಸಾಲುಗಳನ್ನೂ ಮತ್ತೆ ಕೂಡಿಸಬೇಕಾಗುತ್ತದೆ. ಹೊಸಬಳಾದರೆ ಉಡುಪನ್ನು ಅವಳ ಅಳತೆಗೆ ಹೊಲಿಸಬೇಕು.

ಮನೆಯಲ್ಲಿ ಒಪ್ಪದೆ ಮೂರು ದಿನಗಳೂ ತಪ್ಪುವಂತಾದರೆ ಸಂದೇಶ ಬೇರೆಯಾಗಬೇಕು. ಆಗ 14ಕ್ಕೂ ಬರಲಾಗದೆಂದು ತಿಳಿಸಿ, ಈ ಬಾರಿ ತಿಲ್ಲಾನದಿಂದ ನನ್ನನ್ನು ಬಿಡಿ ಎಂದು ನೀವೇ ಕೇಳಿಕೊಳ್ಳಿ. ನಿಮ್ಮ ಅಳತೆಗೆ ಉಡುಪು ಈಗಾಗಲೇ ಹೊಲಿಗೆಗೆ ಹೋಗಿದ್ದರೆ ಅದರ ಹಣ ಕೊಡಿ. ಕಾರ್ಯಕ್ರಮದ ದಿನ ಪ್ರಸಾಧನಕ್ಕೆ, ಹೂ ಮುಡಿಸಲು, ಆಭರಣ ಕಟ್ಟಲು ಕೈಗಳು ಎಷ್ಟಿದ್ದರೂ ಸಾಲದು, ಅಲ್ಲಿ ನಿಲ್ಲುತ್ತೇನೆ ಎಂದು ಹೇಳಿ. ಅಕ್ಕ ಗದರಿದರೆ ಕೇಳಿಸಿಕೊಳ್ಳಿ. ಹಿಂದಿನ ಸಾಲಿಗೆ ಹಾಕಿದರೂ ಚೌಕಾಸಿ ಮಾಡಬೇಡಿ.

ಎರಡೇ ದಿನದ ಗೈರಿಗೆ ಅವರು ಒಪ್ಪಿದರೆ ಮುಂದಿನ ಕೆಲಸ ಹೀಗೆ. ಆ ಎರಡು ದಿನದ ಪೂರ್ವಾಭ್ಯಾಸವನ್ನು ಚಿತ್ರೀಕರಿಸಲು ಅಕ್ಕನ ಅನುಮತಿ ಪಡೆದು ಗೆಳತಿಗೆ ಹೇಳಿಡಿ. ಕ್ಯಾಮೆರಾ ನರ್ತಕಿಯರ ಹಿಂದೆ ಇರಲಿ. ಎದುರಿನಿಂದ ತೆಗೆದದ್ದನ್ನು ನೋಡಿ ಕಲಿತರೆ ಎಡ ಬಲ ಅದಲುಬದಲಾಗಿ, ಅಡ್ಡ ದಾಟುವ ಕಡೆ ತಪ್ಪು ದಿಕ್ಕಿಗೆ ಹೋಗುತ್ತೀರಿ. ಊರಿನಿಂದ ಬಂದ ಮೇಲೆ ಒಬ್ಬಳೇ ಅಭ್ಯಾಸ ಮಾಡಿದರೆ ಅಡವು ಸರಿಯಾಗುತ್ತದೆ, ಅಂತರ ಸರಿಯಾಗುವುದಿಲ್ಲ. ನಿಮ್ಮ ಜೋಡಿಯವಳನ್ನು 14ಕ್ಕೆ ಮೊದಲು ಎರಡು ಸಂಜೆ ಅರ್ಧರ್ಧ ಗಂಟೆ ಕರೆದು, ಸಾಲು ಬದಲಾಗುವ ಕೋರ್ವೆಗಳನ್ನಷ್ಟೇ, ಮೊದಲು ಧ್ವನಿಮುದ್ರಿಕೆಯಿಲ್ಲದೆ ಸೊಲ್ಲುಕಟ್ಟು ಹೇಳಿಕೊಂಡು ಮಾಡಿ. ಬಾಯಲ್ಲಿ ಸೊಲ್ಲು ಕೂತರೆ 14ರಂದು ನಟುವಾಂಗ ಯಾವ ವೇಗದಲ್ಲಿ ಶುರುವಾದರೂ ಕಾಲು ಅದಕ್ಕೆ ಹೊಂದಿಕೊಳ್ಳುತ್ತದೆ.