118ನೇ ಕಲಂ ಕೊನೆಗೆ ಬರಲಿ

"ಸರ್, ಬೆಳಗಾವಿಯ ಮೂಟ್ ಕೋರ್ಟಿಗೆ ಬರೆದ ಪ್ರಾಸಿಕ್ಯೂಷನ್ ವಾದದ ಟಿಪ್ಪಣಿ ಕಳಿಸಿದ್ದೇನೆ. ವರದಕ್ಷಿಣೆ ಸಾವಿನ ಕೇಸು. ಪ್ರಿಸಂಪ್ಷನ್ನಿಂದಲೇ ಶುರು ಮಾಡಿದ್ದೇನೆ. ಪತ್ರಿಕೆಗೆ ಆಗುತ್ತದೆಯೇ?"

ತಂಗಿ, ಭಾಷೆ ಚೊಕ್ಕ ಇದೆ, ಕಲಮುಗಳೂ ಸರಿ ಇವೆ. ಆದರೆ ನಿನ್ನ ಮೊದಲ ಸಾಲೇ ನನ್ನನ್ನು ಕೆರಳಿಸಿತು: "ಭಾರತೀಯ ಸಾಕ್ಷ್ಯ ಅಧಿನಿಯಮದ 118ನೇ ಕಲಮಿನ ಪ್ರಕಾರ ಆರೋಪಿಯೇ ತನ್ನ ನಿರಪರಾಧಿತ್ವ ಸಾಬೀತುಪಡಿಸಬೇಕು."

ಹಾಗೆ ಬರುವುದಿಲ್ಲ. ಸಾವಿಗೆ ಸ್ವಲ್ಪ ಮುಂಚೆ, ವರದಕ್ಷಿಣೆಗಾಗಿ, ಗಂಡನಾಗಲಿ ಅವನ ಕಡೆಯವರಾಗಲಿ ಕಿರುಕುಳ ಕೊಟ್ಟರು ಎಂದು ಮೊದಲು ನೀನು ತೋರಿಸಬೇಕು. ಮದುವೆಯಾಗಿ ಏಳು ವರ್ಷದೊಳಗೆ ಅಸಹಜ ಸಾವು ಆಗಿದೆ ಎಂಬುದೂ ನಿನ್ನದೇ ಹೊರೆ. ಇಷ್ಟಾದ ಮೇಲೆ ನ್ಯಾಯಾಲಯ ಪ್ರಿಸಂಪ್ಷನ್ ಮಾಡಲೇಬೇಕು, ಅಂದರೆ ಈ ವರದಕ್ಷಿಣೆ ಸಾವಿಗೆ ಕಿರುಕುಳ ಕೊಟ್ಟವರೇ ಕಾರಣ ಎಂದು ಊಹಿಸಿಕೊಳ್ಳಬೇಕು. ಆರೋಪಿ ಅದನ್ನು ಅಲ್ಲಗಳೆಯುವ ಮಾತು ಆಮೇಲಿನದು.

ಎರಡನೇ ಸಾಲು: "2021ರ ಪಂಚಾಯ್ತಿಯಲ್ಲಿ ಬಂಗಾರ ಕೇಳಿದ್ದೇ ಸಾಕು." ಸಾಕಾಗಲ್ಲ! ಮದುವೆ 2020ರ ಮೇ, ಬೈಲಹೊಂಗಲದ ಮನೆಯಲ್ಲಿ ಸುಟ್ಟು ಸತ್ತದ್ದು 2024ರ ನವೆಂಬರ್. ನಡುವೆ ಮೂರು ವರ್ಷ ಏನಾಯಿತು? ಎದುರಿನ ವಕೀಲರು ಕೇಳುವುದು ಇದೊಂದನ್ನೇ. ಆ ಪಂಚಾಯ್ತಿಗೆ ನೀನು ಅರ್ಧ ಪುಟ ಕೊಟ್ಟಿದ್ದೀಯ. ಸಾಯುವ ಹನ್ನೆರಡು ದಿನ ಮೊದಲು ಮಗಳು ತಾಯಿಗೆ ಫೋನಿನಲ್ಲಿ "ಟ್ರ್ಯಾಕ್ಟರಿಗೆ ಎರಡು ಲಕ್ಷ ತಾ ಅಂತ ಹೊಡಿತಾರವ್ವಾ" ಅಂದದ್ದು ಮಾತ್ರ ಒಂದೇ ಸಾಲು!

ನಾನು ಜೂನಿಯರ್ ಆಗಿದ್ದಾಗ ನನ್ನ ಸೀನಿಯರ್ ಕಾನೂನು ಪುಸ್ತಕ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ತಾಯಿಯ ಹೇಳಿಕೆ ಕೊಟ್ಟು, ತಾರೀಖುಗಳನ್ನಷ್ಟೇ ಪೆನ್ಸಿಲ್‌ನಿಂದ ಒಂದು ಗೆರೆಯ ಮೇಲೆ ಬರೆಸುತ್ತಿದ್ದರು. ಎಲ್ಲಿ ಖಾಲಿ ಉಳಿಯಿತೋ ಅಲ್ಲಿಂದಲೇ ಅವರ ಪ್ರಶ್ನೆ ಶುರು. ಚಹಾ ತಣ್ಣಗಾದರೂ ಮುಗಿಯುತ್ತಿರಲಿಲ್ಲ.

ನೀನೂ ಹಾಗೇ ಮಾಡು. "ಸ್ವಲ್ಪ ಮುಂಚೆ" ಅನ್ನುವುದಕ್ಕೆ ಇಷ್ಟೇ ದಿನ ಎಂಬ ಲೆಕ್ಕವಿಲ್ಲ. ಕಿರುಕುಳಕ್ಕೂ ಸಾವಿಗೂ ಜೀವಂತ ಕೊಂಡಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2000ದ ಕನ್ಸ್ ರಾಜ್ ಕೇಸಿನಲ್ಲಿ ಹೇಳಿದೆ. ಆ ಫೋನೇ ನಿನ್ನ ಕೊಂಡಿ. ಅದನ್ನು ಮೊದಲಿಗೆ ತಾ. ಪಂಚಾಯ್ತಿ ಅದರ ಹಿಂದಿನ ಕಥೆಯಾಗಲಿ.

ಆದರೆ ಕಾಲ್ ರೆಕಾರ್ಡ್ ತೋರಿಸುವುದು ಕರೆ ಬಂದದ್ದನ್ನು ಮಾತ್ರ, ಮಾತನ್ನಲ್ಲ. ಮಾತಿಗೆ ತಾಯಿಯ ಸಾಕ್ಷಿಯೇ ಬೇಕು. ಸತ್ತವಳು ತನ್ನ ಸಾವಿಗೆ ದಾರಿ ಮಾಡಿದ ಸಂದರ್ಭದ ಬಗ್ಗೆ ಆಡಿದ ಮಾತು ಅದೇ ಅಧಿನಿಯಮದ 26ನೇ ಕಲಮಿನಲ್ಲಿ ಸಾಕ್ಷ್ಯವಾಗಿ ಒಳಗೆ ಬರುತ್ತದೆ. ಅಂದಹಾಗೆ, ತಾಯಿ ಇದನ್ನು ಪೊಲೀಸರ ಮುಂದೆಯೇ ಹೇಳಿದ್ದಾರಾ ಅಂತ ಮೂಟ್ ಕಡತದಲ್ಲಿ ನೋಡು. ಇಲ್ಲವಾದರೆ ಕಟಕಟೆಯಲ್ಲಿ ಹೊಸದಾಗಿ ಹುಟ್ಟಿದ ಮಾತು ಅನ್ನುತ್ತಾರೆ.

ಟ್ರ್ಯಾಕ್ಟರ್ ಹಣ ವರದಕ್ಷಿಣೆಯೇ ಅಲ್ಲ ಎಂದು 2007ರ ಅಪ್ಪಾಸಾಹೇಬ್ ತೀರ್ಪು ಓದುವವರೂ ಇರುತ್ತಾರೆ. ಉತ್ತರಕ್ಕೆ 2022ರ ಜೋಗೇಂದ್ರ ಕೇಸು ಇಟ್ಟುಕೋ. ಮನೆ ಕಟ್ಟಲು ಕೇಳಿದ ಹಣವನ್ನೂ ಅಲ್ಲಿ ವರದಕ್ಷಿಣೆ ಎಂದೇ ಹಿಡಿದಿದ್ದಾರೆ. 118ನೇ ಕಲಂ ಇದೆಲ್ಲ ಮುಗಿದ ಮೇಲಿನ ಪ್ಯಾರಾದಲ್ಲಿ ಬರಲಿ.